ನಾಲ್ಕು ಸ್ಟಾಪು, ಒಂದು ಕಾರು, ಒಂದು ಮೆಸೇಜು

"ಸೋಮವಾರದಿಂದ ಅರ್ಧ ಗಂಟೆ ಬೇಗ ಹೊರಡೋಣ. ಪೆಟ್ರೋಲ್ ದುಡ್ಡೂ ಸ್ವಲ್ಪ ಜಾಸ್ತಿ ಆಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳಿ." ಜೂನ್ ಬಂದು ಶಾಲೆಗಳು ಶುರುವಾದವೆಂದರೆ ಬೆಂಗಳೂರಿನ ಕಾರ್‌ಪೂಲ್ ಗ್ರೂಪುಗಳಿಗೆ ಇಂಥದೊಂದು ಮೆಸೇಜು ಬಂದೇ ಬರುತ್ತದೆ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನಿಲ್ಲ. ಆದರೂ ಮುಂದಿನ ವಾರವೇ ಒಬ್ಬರು ಮುಖ ಊದಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತಿರುತ್ತಾರೆ.

ಒಂದು ಕಾರನ್ನೇ ತೆಗೆದುಕೊಳ್ಳೋಣ. ಓನರ್ ಬನಶಂಕರಿಯಲ್ಲಿ ಹೊರಡುತ್ತಾರೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಬ್ಬರು, ಬಿಟಿಎಂನಲ್ಲಿ ಒಬ್ಬರು, ಎಚ್‌ಎಸ್‌ಆರ್ ಬಳಿ ಅಗರದಲ್ಲಿ ಒಬ್ಬರು ಹತ್ತುತ್ತಾರೆ. ಅಲ್ಲಿಂದ ಔಟರ್ ರಿಂಗ್ ರೋಡು ಹಿಡಿದು, ಮಾರತಹಳ್ಳಿ ದಾಟಿ, ವೈಟ್‌ಫೀಲ್ಡಿನ ಹೋಪ್‌ಫಾರ್ಮ್‌ಗೆ. ಇಷ್ಟು ದಿನ ಕಾರು 7.45ಕ್ಕೆ ಬನಶಂಕರಿ ಬಿಡುತ್ತಿತ್ತು, ಅಗರಕ್ಕೆ 8.25ಕ್ಕೆ ಬರುತ್ತಿತ್ತು. ಈಗ 7.15ಕ್ಕೆ ಹೊರಟರೆ ಅಗರಕ್ಕೆ ಎಷ್ಟಕ್ಕೆ ಬರುತ್ತದೆ? 7.55 ಎಂದುಕೊಂಡರೆ ತಪ್ಪಿದಿರಿ. ಶಾಲಾ ವಾಹನಗಳ ಗದ್ದಲಕ್ಕೆ ಮುಂಚೆಯೇ ಜಯನಗರ ದಾಟಿಬಿಡುವುದರಿಂದ ಅದು 7.45ಕ್ಕೇ ಅಲ್ಲಿರುತ್ತದೆ. ಓನರಿಗೆ ಅರ್ಧ ಗಂಟೆ ಬೇಗ, ಅಗರದವರಿಗೆ ನಲವತ್ತು ನಿಮಿಷ ಬೇಗ. ಮೆಸೇಜು ನಂಬಿ 7.55ಕ್ಕೆ ಇಳಿದು ಬಂದವರಿಗಾಗಿ ಮೂವರು ಹತ್ತು ನಿಮಿಷ ಕಾಯಬೇಕು. ಹೊತ್ತು ಕಳೆದಷ್ಟೂ ರಿಂಗ್ ರೋಡಿನಲ್ಲಿ ವಾಹನ ಹೆಚ್ಚುವುದರಿಂದ ಆ ಹತ್ತು ನಿಮಿಷ ಹೋಪ್‌ಫಾರ್ಮ್ ಮುಟ್ಟುವಷ್ಟರಲ್ಲಿ ಇಪ್ಪತ್ತೂ ಆಗಬಹುದು.

ಹಾಗಾಗಿ ಟೈಮಿಂಗ್ ಬದಲಾದರೆ "ಇಷ್ಟು ಬೇಗ" ಎಂದು ಬರೆಯಬಾರದು, ಪ್ರತಿ ಸ್ಟಾಪಿಗೂ ಗಡಿಯಾರದ ಸಮಯವನ್ನೇ ಬರೆಯಬೇಕು. ಅದೂ ಅಂದಾಜಿನಲ್ಲಲ್ಲ. ಹೊಸ ಹೊತ್ತಿಗೆ ಒಂದೆರಡು ದಿನ ಓಡಿಸಿ ನೋಡಿದ ಮೇಲೆ. ಬರೆದ ಸಮಯ ಕಾರು ಬರುವುದೋ, ಬಿಡುವುದೋ? ಬಿಡುವುದು ಎಂದೇ ಇಟ್ಟುಕೊಳ್ಳುವುದು ಕ್ಷೇಮ. ಬರುವ ಸಮಯ ಎಂದರೆ ಮನೆಯಿಂದ ಆ ಹೊತ್ತಿಗೆ ಚಪ್ಪಲಿ ಹಾಕಿಕೊಳ್ಳುವವರೇ ಹೆಚ್ಚು. ಜಾಗವನ್ನೂ ರಸ್ತೆಯ ಯಾವ ಬದಿ ಎಂಬುದರ ಸಮೇತ ಹೇಳಬೇಕು. ಅಗರದಂಥ ಜಂಕ್ಷನ್ನಿನಲ್ಲಿ ಎದುರು ಬದಿಗೆ ನಿಂತವರನ್ನು ಹತ್ತಿಸಿಕೊಳ್ಳಲು ಯು-ಟರ್ನ್ ಹುಡುಕಿ ಹೋದರೆ ಬೆಳಗಿನ ಲೆಕ್ಕವೇ ಮುಗಿಯಿತು.

ಇನ್ನು ದುಡ್ಡು. ಜಗಳದ ಬೇರು ಸಾಮಾನ್ಯವಾಗಿ ಮೈಲೇಜಿನಲ್ಲಿರುತ್ತದೆ. ಹೋಗಿ ಬರಲು ದಿನಕ್ಕೆ 60 ಕಿಲೋಮೀಟರ್, ಪೆಟ್ರೋಲ್ ಲೀಟರಿಗೆ 103 ರೂಪಾಯಿ ಎಂದು ಹಿಡಿಯೋಣ. ಕಂಪನಿ ಹೇಳುವ 20 ಕಿಲೋಮೀಟರ್ ಮೈಲೇಜಿನ ಪ್ರಕಾರ ಮೂರು ಲೀಟರ್, 309 ರೂಪಾಯಿ. ಆದರೆ ಎಸಿ ಹಾಕಿಕೊಂಡು ಒಂದನೇ, ಎರಡನೇ ಗೇರಿನಲ್ಲಿ ತೆವಳುವ ಕಾರು 12 ಕೊಟ್ಟರೆ ಐದು ಲೀಟರ್, 515 ರೂಪಾಯಿ. ದಿನಕ್ಕೆ 206 ರೂಪಾಯಿಯ ಈ ವ್ಯತ್ಯಾಸ ತುಂಬುವುದು ಓನರ್ ಜೇಬಿನಿಂದ. ಅವರು ಕೆಲವು ತಿಂಗಳು ನುಂಗಿಕೊಂಡು, ಕೊನೆಗೊಂದು ದಿನ "ಸ್ವಲ್ಪ ಜಾಸ್ತಿ" ಎನ್ನುತ್ತಾರೆ. ಕೇಳಿದವರಿಗೆ ಅದು ದುರಾಸೆಯಂತೆ ಕಾಣುತ್ತದೆ.

ನಿಜವಾದ ಮೈಲೇಜು ತಿಳಿಯುವುದು ಸುಲಭ. ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರ್ ಸೊನ್ನೆ ಮಾಡಬೇಕು. ವಾರ ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಬೇಕು. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿದರೆ ಮುಗಿಯಿತು. ಬಿಲ್ಲಿನ ಜೊತೆ ಟ್ರಿಪ್ ಮೀಟರಿನ ಫೋಟೋವನ್ನೂ ಗ್ರೂಪಿಗೆ ಹಾಕಿದರೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಹಂಚುವಾಗ ನಾಲ್ಕು ಸಮಪಾಲು ಮಾಡಿದರೆ ತಲೆಗೆ 129 ರೂಪಾಯಿ. ಸುಲಭವೇನೋ ಹೌದು, ಆದರೆ ಅಗರದವರು ಕೂರುವುದು 20 ಕಿಲೋಮೀಟರ್ ಮಾತ್ರ. ಓನರ್ 30, ಜಯನಗರದವರು 27, ಬಿಟಿಎಂನವರು 23. ಕೂಡಿದರೆ ನೂರು. ಅಂದರೆ ಕೂತ ದೂರದ ಲೆಕ್ಕದಲ್ಲಿ 515 ರೂಪಾಯಿಯಲ್ಲಿ ಓನರ್ ಪಾಲು ಸುಮಾರು 155, ಜಯನಗರದ್ದು 139, ಬಿಟಿಎಂದು 118, ಅಗರದ್ದು 103. ಅಂತರ ದಿನಕ್ಕೆ ಹತ್ತರಿಂದ ಇಪ್ಪತ್ತಾರು ರೂಪಾಯಿಯೇ ಆದರೂ ತಿಂಗಳಿಗೆ ಅದು ಕಣ್ಣಿಗೆ ಬೀಳುತ್ತದೆ.

ಗೈರಾದ ದಿನದ ಗತಿಯೇನು? ಅಗರದವರು ಒಂದು ದಿನ ಬರಲಿಲ್ಲ, ದುಡ್ಡೂ ಕೊಡಲಿಲ್ಲ ಎಂದರೆ ಪೆಟ್ರೋಲೇನೂ ಹೇಳಿಕೊಳ್ಳುವಷ್ಟು ಕಡಿಮೆಯಾಗುವುದಿಲ್ಲ. ಆ 103 ರೂಪಾಯಿ ಉಳಿದ ಮೂವರ ಮೇಲೆ ಬಿದ್ದು ಜಯನಗರದವರ ಪಾಲು 139ರಿಂದ 174ಕ್ಕೆ ಏರುತ್ತದೆ. ಆದ್ದರಿಂದ ಒಂದೆರಡು ದಿನದ ಗೈರಿಗೆ ವಿನಾಯಿತಿ ಬೇಡ, ವಾರ ಮೊದಲೇ ಹೇಳಿದ ಉದ್ದ ರಜೆಗೆ ಇರಲಿ ಎನ್ನುವುದು ನನ್ನ ಪಕ್ಷ. ಕಾರೇ ಹೊರಡದ ದಿನ ಯಾರೂ ಕೊಡಬೇಕಿಲ್ಲ, ಬಿಡಿ.

ಓನರ್ ಪಾಲನ್ನು ಯಾಕೆ ಸೇರಿಸಿದ್ದು ಎಂದು ಕೆಲವರು ಕೇಳಬಹುದು. ಕಾರು, ಸರ್ವಿಸು, ಟೈರು, ಡ್ರೈವಿಂಗು ಎಲ್ಲ ಅವರದೇ ತಾನೇ? ಮಾತು ನ್ಯಾಯವೇ, ಆದರೆ ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ಪರ್ಮಿಟ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಸೆಕ್ಷನ್ನಿನಡಿ ಮೊದಲ ಸಲಕ್ಕೇ 10,000 ರೂಪಾಯಿ ದಂಡವಿದೆ. ಖಾಸಗಿ ಕಾರಿನ ವಿಮೆಯೂ ಬಾಡಿಗೆ ಬಳಕೆಯನ್ನು ಹೊರಗಿಡುತ್ತದೆ. ಬಿಳಿ ಬೋರ್ಡ್ ಕಾರುಗಳನ್ನು ಆ್ಯಪ್ ಮೂಲಕ ಪೂಲ್ ಮಾಡುವ ಬಗ್ಗೆ 2023ರಲ್ಲಿ ಬೆಂಗಳೂರಿನಲ್ಲಿ ಗದ್ದಲ ಎದ್ದಿದ್ದೂ ಈ ಗೆರೆಯ ಸುತ್ತಲೇ. ಗೊತ್ತಿರುವ ನಾಲ್ವರು ಪೆಟ್ರೋಲ್ ಖರ್ಚು ಹಂಚಿಕೊಳ್ಳುವುದು ಬೇರೆ, ಓನರಿಗೆ ಲಾಭ ಉಳಿಯುವುದು ಬೇರೆ. ಓನರ್ ತಮ್ಮ ಪಾಲು ಹಾಕಿ, ಬಿಲ್ಲನ್ನು ಮೀರದೆ ವಸೂಲು ಮಾಡಿದರೆ ಗೆರೆಯ ಈಚೆ ಇದ್ದೇವೆಂದು ತೋರಿಸಲು ಲೆಕ್ಕವಿರುತ್ತದೆ. ಇದೇ ಕಾರಣಕ್ಕೆ ಮೆಸೇಜಿನಲ್ಲಿ "ಚಾರ್ಜು", "ರೇಟು" ಎಂಬ ಮಾತು ಬರದಿದ್ದರೆ ಒಳ್ಳೆಯದು.

ಇಷ್ಟನ್ನೂ ಸೇರಿಸಿದರೆ ಮೆಸೇಜು ಹೀಗೆ ಬರಬಹುದು:

"ಎಲ್ಲರಿಗೂ ನಮಸ್ಕಾರ. ಸ್ಕೂಲ್ ಟ್ರಾಫಿಕ್ ಶುರುವಾಗಿರೋದ್ರಿಂದ ಜೂನ್ 8, ಸೋಮವಾರದಿಂದ ಟೈಮಿಂಗ್ ಬದಲಾಗುತ್ತೆ. ಕಾರು ಬಿಡುವ ಸಮಯ: ಬನಶಂಕರಿ 7.15, ಜಯನಗರ 7.23, ಬಿಟಿಎಂ 7.35, ಅಗರ 7.45. ನಿಲ್ಲುವ ಜಾಗ ಮೊದಲಿನದೇ, ಅಗರದಲ್ಲಿ ಮಾರತಹಳ್ಳಿ ಕಡೆ ಹೋಗುವ ಬದಿ. ಎರಡು ನಿಮಿಷಕ್ಕಿಂತ ಹೆಚ್ಚು ಕಾಯೋಕಾಗಲ್ಲ, ದಯವಿಟ್ಟು ಬೇಜಾರಾಗಬೇಡಿ. ಸಂಜೆ ಹೋಪ್‌ಫಾರ್ಮ್ ಬಿಡೋದು ಎಂದಿನಂತೆ 6.30. ಕಳೆದ ವಾರ ಮೈಲೇಜ್ 12 ಬಂದಿದೆ, ಬಿಲ್ ಮತ್ತು ಮೀಟರ್ ಫೋಟೋ ಹಾಕಿದ್ದೀನಿ. ದಿನದ ಪೆಟ್ರೋಲ್ 515. ಕೂತ ದೂರದ ಪ್ರಕಾರ ಪಾಲು: ನಾನು 155, ಜಯನಗರ 139, ಬಿಟಿಎಂ 118, ಅಗರ 103. ತಿಂಗಳ ಕೊನೆಗೆ ಒಟ್ಟಿಗೆ ಹಾಕಿದರೆ ಸಾಕು. ಯಾರಿಗಾದರೂ ಆಗಲ್ಲ ಅಂದ್ರೆ ಶುಕ್ರವಾರ ರಾತ್ರಿಯೊಳಗೆ ಹೇಳಿ, ಕೂತು ಮಾತಾಡೋಣ."

ಇದಕ್ಕೆ ಹೆಬ್ಬೆರಳಿನ ಗುರುತು ಬಂದರೆ ಒಪ್ಪಿದರೆಂದು ತಿಳಿಯಬೇಡಿ. ಕೆಲವರ ಹೆಬ್ಬೆರಳಿಗೆ "ನೋಡಿದೆ" ಎಂದಷ್ಟೇ ಅರ್ಥ. ವಾಟ್ಸ್‌ಆ್ಯಪಿನಲ್ಲಿ ಪೋಲ್ ಹಾಕಿ "ಬರ್ತೀನಿ", "ಟೈಮ್ ಆಗಲ್ಲ", "ದುಡ್ಡಿನ ಬಗ್ಗೆ ಮಾತಾಡಬೇಕು" ಎಂಬ ಮೂರು ಆಯ್ಕೆ ಕೊಟ್ಟರೆ ಗುಂಪಿನಲ್ಲಿ ಹೇಳಲು ಸಂಕೋಚಪಡುವವರೂ ಒತ್ತುತ್ತಾರೆ. ಮೂರನೆಯದನ್ನು ಒತ್ತಿದವರಿಗೆ ಗ್ರೂಪಿನಲ್ಲಿ ಉತ್ತರಿಸದೆ ಫೋನ್ ಮಾಡಿ. ಹೊಸ ಮೆಸೇಜನ್ನು 30 ದಿನಕ್ಕೆ ಪಿನ್ ಮಾಡಿ, ಹಳೆಯ ಟೈಮಿಂಗಿನ ಪಿನ್ ತೆಗೆಯಲು ಮಾತ್ರ ಮರೆಯಬೇಡಿ. ಎರಡೂ ಮೇಲೆ ಕೂತಿದ್ದರೆ ರಜೆ ಮುಗಿಸಿ ಬಂದವರು ಯಾವುದನ್ನು ಬೇಕಾದರೂ ನಂಬಿಯಾರು.