ಅಚ್ಚಾದ ಅಡಿಬರಹ, ಬಿಡಿಯಾದ ಅಡಿಬರಹ

ಚಲನಚಿತ್ರದ ತಳಭಾಗದಲ್ಲಿ ಮೂಡುವ ಮಾತಿನ ಸಾಲುಗಳನ್ನು ಅಡಿಬರಹವೆಂದು ಕರೆಯೋಣ. ಇವುಗಳಲ್ಲಿ ಎರಡು ಬಗೆ. ಒಂದು, ಚಿತ್ರದ ಬಿಂಬದೊಳಗೇ ಅಚ್ಚಾಗಿ ಹೋದುದು. ಅದನ್ನು ಅಳಿಸಲು ಬಾರದು. ಇನ್ನೊಂದು, ಚಿತ್ರದ ಜೊತೆಯಲ್ಲಿ ಬಿಡಿಯಾಗಿರುವುದು. ನೋಡುವವನು ಬೇಕೆಂದಾಗ ತೋರಿಸಿಕೊಳ್ಳಬಹುದು, ಬೇಡವೆಂದಾಗ ಮರೆಸಬಹುದು, ಭಾಷೆಯನ್ನೂ ಬದಲಾಯಿಸಬಹುದು. ಎರಡನೆಯದೇ ಮೇಲೆಂದು ಯಾರಿಗಾದರೂ ತೋರುವುದು ಸಹಜ. ಆದರೆ ನೋಡುವವರಾರೆಂದು ವಿಚಾರಿಸದೆ ತೀರ್ಪು ಹೇಳುವುದು ಉಚಿತವಲ್ಲ.

ನಮ್ಮ ಸೀಮೆಯನ್ನೇ ನೋಡಿರಿ. ಸೇಡಂ, ಚಿಂಚೋಳಿಗಳು ತೆಲಂಗಾಣದ ಗಡಿಗೆ ತಾಗಿವೆ. ಅಲ್ಲಿ ತೆಲುಗು ಮನೆಮಾತಾದವರು ಉಂಟು. ಚಿತ್ತಾಪುರ, ಶಹಾಬಾದಗಳಲ್ಲಿ ಉರ್ದು ಓದುವವರಿದ್ದಾರೆ. ವಾಡಿಯ ರೈಲು ಮತ್ತು ಸಿಮೆಂಟಿನ ಕೆಲಸಕ್ಕೆ ದೂರದಿಂದ ಬಂದವರಿಗೆ ಹಿಂದಿಯೇ ಅನುಕೂಲ. ಒಂದು ಕನ್ನಡ ಚಿತ್ರಕ್ಕೆ ಈ ಮೂರು ಭಾಷೆಗಳನ್ನೂ ಅಚ್ಚುಮಾಡಿದರೆ ನಟರ ಮುಖವೇ ಮರೆಯಾದೀತು! ಇಲ್ಲಿ ಬಿಡಿ ಅಡಿಬರಹವೇ ಗತಿ. ಕಿವಿ ಕೇಳದವರಿಗೂ ಅದೇ ಹಿತ. ಅವರಿಗೆ ಮಾತಿನ ಜೊತೆಗೆ ‘ಬಾಗಿಲು ಬಡಿದ ಸದ್ದು’ ಎಂಬಂಥ ಸೂಚನೆಯೂ ಬೇಕು. ಕಿವಿಯುಳ್ಳವರಿಗೆ ಅದು ಕಿರಿಕಿರಿ.

ಬಿಡಿ ಅಡಿಬರಹವೆಂದರೆ ಹೆಚ್ಚಾಗಿ ಒಂದು ಸಾದಾ ಕಡತ. ಅದರ ಒಂದು ತುಣುಕು ಹೀಗಿರುತ್ತದೆ:

```
1
00:00:12,000 --> 00:00:15,500
ವಾಡಿ ಗಾಡಿ ಎಷ್ಟಕ್ಕ ಬರ್ತದ?
```

ಮೂರೂವರೆ ಸೆಕೆಂಡು ಈ ಸಾಲು ತೆರೆಯ ಮೇಲೆ ನಿಲ್ಲುತ್ತದೆ. ತೊಡಕು ಬರುವುದು ಅಕ್ಷರಗಳಲ್ಲಿ. ಕಡತವನ್ನು UTF-8 ಕ್ರಮದಲ್ಲಿ ಉಳಿಸದಿದ್ದರೆ ಪ್ರಶ್ನಾರ್ಥಕ ಚಿಹ್ನೆಗಳೋ ವಿಚಿತ್ರ ಗುರುತುಗಳೋ ಕಾಣುತ್ತವೆ. ಕಡತ ಸರಿಯಿದ್ದರೂ ಹಳೆಯ ಟಿ.ವಿ.ಯಲ್ಲಿ ಕನ್ನಡದ ಅಕ್ಷರಮಾದರಿ ಇಲ್ಲದಿದ್ದರೆ ಖಾಲಿ ಚೌಕಗಳು ಬರುತ್ತವೆ. ಮಾದರಿ ಇದ್ದು ಒತ್ತಕ್ಷರ ಜೋಡಿಸುವ ಶಕ್ತಿ ಇಲ್ಲದಿದ್ದರೆ ‘ಎಷ್ಟಕ್ಕ’ದ ಒತ್ತುಗಳು ಕಳಚಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಅಕ್ಷರಗಳು ಚೆನ್ನಾಗಿದ್ದು ಮಾತಿಗಿಂತ ಸಾಲು ಹೊತ್ತು ಹೋದಂತೆ ಹೆಚ್ಚುಹೆಚ್ಚು ಹಿಂದೆಮುಂದಾದರೆ ದೋಷ ಬೇರೆ: ಆ ಕಡತವನ್ನು ಬೇರೆ ವೇಗದ ಪ್ರತಿಗೆ ಹೊಂದಿಸಲಾಗಿತ್ತು. ಅಚ್ಚಾದ ಅಡಿಬರಹಕ್ಕೆ ಈ ಯಾವ ರೋಗವೂ ತಟ್ಟದು. ಅದು ಅಕ್ಷರವಲ್ಲ, ಚಿತ್ರವೇ ಆಗಿಬಿಟ್ಟಿರುತ್ತದೆ. ಮೊಬೈಲಿನಿಂದ ಮೊಬೈಲಿಗೆ ಕಳುಹಿಸುವಾಗ ಹಿಂದೆ ಉಳಿದುಹೋಗುವ ಭಯವೂ ಇಲ್ಲ.

ಇದಕ್ಕಿಂತ ದೊಡ್ಡ ಕಾರಣವೊಂದುಂಟು. ಹಾಡಿನ ಭಾಷೆಯಲ್ಲಿಯೇ ಅಡಿಬರಹ ಕೊಟ್ಟರೆ ಅರೆಬರೆ ಓದುವವರ ಓದು ಬಲಿಯುವುದೆಂಬ ಯೋಚನೆಯನ್ನು ಬ್ರಿಜ್ ಕೊಠಾರಿಯವರು 1996ರಲ್ಲಿ ಮಾಡಿದರು. 1999ರಲ್ಲಿ ಅಹಮದಾಬಾದಿನ ದೂರದರ್ಶನದಲ್ಲಿ ಗುಜರಾತಿ ಚಿತ್ರಗೀತೆಗಳಿಗೂ, ಅನಂತರ ‘ಚಿತ್ರಹಾರ’ಕ್ಕೂ ಅದು ಬಂದಿತು. ಅಲ್ಲಿ ಸಾಲು ಎಲ್ಲರ ಕಣ್ಣಿಗೂ ತಾನಾಗಿಯೇ ಬೀಳುತ್ತಿತ್ತು. ಒಂದು ವೇಳೆ ಅದನ್ನು ಗುಂಡಿಯೊತ್ತಿ ಆರಿಸಿಕೊಳ್ಳಬೇಕಾಗಿದ್ದರೆ? ಗುಂಡಿಯೊತ್ತುವವನು ಆಗಲೇ ಓದಬಲ್ಲವನು; ಯಾರಿಗಾಗಿ ಅದು ಹುಟ್ಟಿತೋ ಅವರು ಅದನ್ನು ಕೇಳುವವರೇ ಅಲ್ಲ. ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು ಬಂದು ಸಂಜೆ ಹಾಡು ನೋಡುವವರ ಮುಂದೆ ಅಚ್ಚಾದ ಸಾಲೇ ನಿಲ್ಲಬೇಕು.

ಆದುದರಿಂದ ಚಿತ್ರ ತೆಗೆಯುವವರು ಅಡಿಬರಹವಿಲ್ಲದ ಮೂಲಪ್ರತಿಯನ್ನೂ ಕಡತವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು. ಅವುಗಳಿಂದ ಅಚ್ಚಿನ ಪ್ರತಿಯನ್ನು ಎಂದಾದರೂ ತೆಗೆಯಬಹುದು. ಅಚ್ಚಿನ ಪ್ರತಿಯಿಂದ ಶುದ್ಧ ಮೂಲವನ್ನು ಮರಳಿ ಪಡೆಯಲಾಗದು.