ಫೋನಿನಲ್ಲಿ ತಾನಾಗಿ ತೆರೆಯುವ ಬಹುಮಾನದ ಪುಟ

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಹಾಡಿನ ಸಾಹಿತ್ಯವನ್ನೋ ಅಡುಗೆಯ ವಿಧಾನವನ್ನೋ ಓದುತ್ತಿರುವಾಗ ಪರದೆ ದಿಢೀರನೆ ಬದಲಾಗಿ, ಬಹುಮಾನ ಬಂದಿದೆ ಎನ್ನುವ ಪುಟ ತೆರೆಯುವುದುಂಟು. ಅದರಲ್ಲಿ ಫೋನಿನ ಮಾದರಿ, ಊರಿನ ಹೆಸರು ಎರಡೂ ಸರಿಯಾಗಿ ಇರಬಹುದು. ಇದರಲ್ಲಿ ಅಚ್ಚರಿಯೇನಿಲ್ಲ. ಮಾದರಿಯನ್ನು ಬ್ರೌಸರ್‌ನಿಂದಲೇ ತಿಳಿಯಬಹುದು, ಊರನ್ನು ಐಪಿ ವಿಳಾಸದಿಂದ ಅಂದಾಜಿಸಬಹುದು. ಮುಚ್ಚಿದ ಪೆಟ್ಟಿಗೆಗಳಲ್ಲಿ ಯಾವುದನ್ನು ಮುಟ್ಟಿದರೂ ಮೊದಲು ಖಾಲಿ, ಆಮೇಲೆ ಫೋನು ಸಿಗುವಂತೆ ಮೊದಲೇ ಬರೆದಿಟ್ಟಿರುತ್ತಾರೆ. ಕೆಲವೊಮ್ಮೆ ಈ ಪುಟದ ಬದಲು ಪ್ಲೇ ಸ್ಟೋರ್ ತೆರೆಯುತ್ತದೆ. ಅಲ್ಲಿ ಆ್ಯಪ್ ಇನ್‌ಸ್ಟಾಲ್ ಆದರೆ ಕಳಿಸಿಕೊಟ್ಟವರಿಗೆ ಕಮಿಷನ್ ಸಿಗುತ್ತದೆ.

ಕಾರಣ ಯಾವುದೆಂದು ಈ ಕಾಟ ಯಾವಾಗ ಬರುತ್ತದೆ ಎಂಬುದರಿಂದ ಗೊತ್ತಾಗುತ್ತದೆ. ಒಂದೇ ಜಾಲತಾಣದಲ್ಲಿ ಮಾತ್ರ ಹೀಗಾದರೆ ತಪ್ಪು ಅಲ್ಲಿನ ಜಾಹೀರಾತಿನದು ಅಥವಾ ಆ ತಾಣಕ್ಕೆ ಯಾರೋ ಕನ್ನ ಹಾಕಿದ್ದಾರೆ, ಫೋನು ಸುರಕ್ಷಿತವಾಗಿರುತ್ತದೆ. ಬ್ರೌಸರ್ ಮುಚ್ಚಿದ್ದಾಗಲೂ ಕ್ರೋಮ್ ಹೆಸರಿನಲ್ಲಿ ಸೂಚನೆಗಳು ಬರುತ್ತಿದ್ದರೆ, ಹಿಂದೊಮ್ಮೆ ಯಾವುದೋ ತಾಣಕ್ಕೆ Allow ಒತ್ತಿರಬೇಕು. ‘ನೀವು ರೋಬಾಟ್ ಅಲ್ಲವೆಂದು ತೋರಿಸಲು Allow ಒತ್ತಿ’ ಎನ್ನುವುದು ಇದಕ್ಕೆಂದೇ ಒಡ್ಡುವ ಬಲೆ. ಏನೂ ಮುಟ್ಟದಿದ್ದರೂ ಪುಟಗಳು ತಾವಾಗಿ ತೆರೆದರೆ ಫೋನಿನೊಳಗಿನ ಆ್ಯಪ್ ಮೇಲೆ ಅನುಮಾನ ಪಡಬೇಕು. ಮನೆಯ ವೈಫೈನಲ್ಲಿರುವ ಎಲ್ಲ ಫೋನುಗಳಿಗೂ ಇದೇ ಕಾಟವಿದ್ದು, ಮೊಬೈಲ್ ಡೇಟಾದಲ್ಲಿ ನಿಂತುಹೋದರೆ ರೌಟರ್‌ನ ಡಿಎನ್‌ಎಸ್ ವಿಳಾಸವನ್ನು ಯಾರೋ ಬದಲಿಸಿರುವ ಸಾಧ್ಯತೆಯಿದೆ.

ಇಂಥ ಪುಟದಲ್ಲಿ ಹಿಂದಕ್ಕೆ ಹೋಗುವ ಗುಂಡಿ ಕೆಲಸಕ್ಕೆ ಬಾರದಂತೆ ಮಾಡಿರುತ್ತಾರೆ. ಆದ್ದರಿಂದ ಟ್ಯಾಬ್‌ಗಳ ಪಟ್ಟಿಗೆ ಹೋಗಿ ಆ ಟ್ಯಾಬನ್ನೇ ಮುಚ್ಚಬೇಕು. ಸೂಚನೆಗಳ ಕಾಟವಿದ್ದರೆ ಕ್ರೋಮ್‌ನ ಮೂರು ಚುಕ್ಕಿ ಒತ್ತಿ Settings, Site settings, Notifications ಎಂಬ ದಾರಿಯಲ್ಲಿ ಹೋಗಿ, ಪರಿಚಯವಿಲ್ಲದ ತಾಣಗಳಿಗೆ ಕೊಟ್ಟ ಅನುಮತಿ ತೆಗೆಯಬೇಕು. ಅಲ್ಲೇ ಇರುವ Pop-ups and redirects ಆಫ್ ಆಗಿರಬೇಕು.

ಆ್ಯಪ್ ಮೇಲೆ ಅನುಮಾನವಿದ್ದರೆ ಸೇಫ್ ಮೋಡ್ ನೆರವಾಗುತ್ತದೆ. ಹಲವು ಫೋನುಗಳಲ್ಲಿ Power off ಎಂಬುದನ್ನು ಒತ್ತಿ ಹಿಡಿದರೆ ಅದರ ಆಯ್ಕೆ ಬರುತ್ತದೆ. ಅಲ್ಲಿ ಡೌನ್‌ಲೋಡ್ ಮಾಡಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಕಾಟ ನಿಂತರೆ ಕಳ್ಳ ಅವುಗಳಲ್ಲೇ ಇದ್ದಾನೆ. ಕಾಟ ಶುರುವಾಗುವ ಮುಂಚೆ ಹಾಕಿಕೊಂಡ ಟಾರ್ಚ್, ವಾಲ್‌ಪೇಪರ್‌ನಂಥ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆದು ನೋಡಬೇಕು. ತೆಗೆಯಲು ಬಾರದಿದ್ದರೆ Device admin apps ಪಟ್ಟಿಯಲ್ಲಿ ಅದಕ್ಕಿರುವ ಅಧಿಕಾರವನ್ನು ಮೊದಲು ರದ್ದುಪಡಿಸಬೇಕು. ಐಕಾನ್ ಅಡಗಿಸಿಕೊಳ್ಳುವ ಆ್ಯಪ್‌ಗಳೂ ಇರುವುದರಿಂದ ಸೆಟ್ಟಿಂಗ್ಸ್‌ನ ಪೂರ್ಣ ಪಟ್ಟಿಯನ್ನೇ ನೋಡುವುದು ಕ್ಷೇಮ. ಬಳಿಕ ಪ್ಲೇ ಪ್ರೊಟೆಕ್ಟ್‌ನಿಂದ ಸ್ಕ್ಯಾನ್ ಮಾಡಬೇಕು. ರೌಟರ್ ಕೆಟ್ಟಿದ್ದರೆ ಅದನ್ನು ರೀಸೆಟ್ ಮಾಡಿ ಅಡ್ಮಿನ್ ಪಾಸ್‌ವರ್ಡ್ ಬದಲಿಸಬೇಕು.

ಪುಟ ತೆರೆದ ಮಾತ್ರಕ್ಕೆ ಹಣ ಹೋಗುವುದಿಲ್ಲ. ಕಾರ್ಡ್ ಸಂಖ್ಯೆ ಅಥವಾ ಒಟಿಪಿ ಕೊಟ್ಟಿದ್ದರೆ ಫೋನು ಶುಚಿ ಮಾಡುವುದಕ್ಕಿಂತ ಮೊದಲು ಬ್ಯಾಂಕಿಗೆ ತಿಳಿಸಿ ಕಾರ್ಡ್ ತಡೆಹಿಡಿಸಬೇಕು. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಬೇಕು.