ಎಣ್ಣೆ ಹೋದ ದಾರಿ

ದರ್ಶಿನಿಯ ಫ್ರಿಜ್ ಭಾನುವಾರ ಬೆಳಿಗ್ಗೆಯೇ ಕೈಕೊಡುತ್ತದೆ ಎಂದು ಹೋಟೆಲಿನವರು ಗೊಣಗುವುದುಂಟು. ಅದು ಗ್ರಹಚಾರವೇನಲ್ಲ. ಅವತ್ತು ಎಲ್ಲ ಒಲೆಗಳೂ ಒಟ್ಟಿಗೆ ಉರಿಯುತ್ತಿರುತ್ತವೆ, ಅಡುಗೆಮನೆಯ ಸೆಕೆ ಏರಿರುತ್ತದೆ, ಚಟ್ನಿಗೋ ಹಿಟ್ಟಿಗೋ ಯಾರಾದರೊಬ್ಬರು ಫ್ರಿಜ್ಜಿನ ಬಾಗಿಲು ತೆಗೆಯುತ್ತಲೇ ಇರುತ್ತಾರೆ. ವಾರವಿಡೀ ಬಿಡುವಿಲ್ಲದೆ ಓಡಿ ಕಾದಿದ್ದ ಕಂಪ್ರೆಸರ್ ಅವತ್ತು ನಿಂತುಬಿಡುತ್ತದೆ. ಮೆಕ್ಯಾನಿಕ್ ಬಂದು ಜಾಲರಿ ಬಿಚ್ಚಿದರೆ ಕಂಡೆನ್ಸರ್ ಕಾಯಿಲ್ ಮೇಲೆ ಕಂಬಳಿಯಂತೆ ಹೊದ್ದಿರುವುದು ಧೂಳು, ಹಿಟ್ಟು ಮತ್ತು ಅವೆರಡನ್ನೂ ಅಂಟಿಸಿಕೊಂಡ ಎಣ್ಣೆ ಜಿಡ್ಡು.

ಆ ಎಣ್ಣೆ ಬಂದದ್ದು ವಡೆಯ ಬಾಣಲೆಯಿಂದ. ಒಲೆಗೆ ಒಬ್ಬ ರಿಪೇರಿಯವನು, ಹುಡ್‌ಗೆ ಇನ್ನೊಬ್ಬ, ಫ್ರಿಜ್‌ಗೆ ಮತ್ತೊಬ್ಬ, ಮೋರಿ ಕಟ್ಟಿದರೆ ಬರುವವನು ಬೇರೆಯೇ. ಆದರೆ ಎಣ್ಣೆಗೆ ಈ ವಿಂಗಡಣೆ ಗೊತ್ತಿಲ್ಲ. ಆವಿಯಾಗಿ ಮೇಲೇರಿದ್ದು ಹುಡ್‌ಗೆ ಹೋಗುತ್ತದೆ, ಹುಡ್ ಎಳೆದುಕೊಳ್ಳದೆ ಬಿಟ್ಟದ್ದು ಫ್ರಿಜ್ಜಿನ ಬೆನ್ನಿಗೆ ಅಂಟುತ್ತದೆ, ಪಾತ್ರೆಯಲ್ಲಿ ಉಳಿದದ್ದು ಸಿಂಕಿನಿಂದ ಗ್ರೀಸ್ ಟ್ರ್ಯಾಪ್ ಸೇರುತ್ತದೆ. ಹಾಗಾಗಿ ತಿಂಗಳ ಒಂದನೇ ತಾರೀಖು ಎಲ್ಲವನ್ನೂ ತೊಳೆದು ಕೈತೊಳೆದುಕೊಳ್ಳುವ ಪದ್ಧತಿ ನನಗೆ ಸರಿಕಾಣುವುದಿಲ್ಲ. ಎಣ್ಣೆ ಎಲ್ಲಿ ಎಷ್ಟು ಬೇಗ ಕೂರುತ್ತದೆ ಎಂಬುದನ್ನು ನೋಡಿಯೇ ಸರದಿ ಗೊತ್ತುಮಾಡಬೇಕು.

ಒಲೆಯ ಸರದಿ ದಿನಾ ರಾತ್ರಿ. ಬರ್ನರ್ ಸರಿಯಿದ್ದರೆ ಜ್ವಾಲೆ ನೀಲಿಯಾಗಿ, ಅಲುಗದೆ ನಿಲ್ಲುತ್ತದೆ. ಸಾಂಬಾರು ಉಕ್ಕಿ ತೂತುಗಳಲ್ಲಿ ಒಣಗಿದಾಗ, ಅಥವಾ ಗಾಳಿ ಒಳಹೋಗುವ ಬಾಯಿಗೆ ಜಿಡ್ಡು ಕಟ್ಟಿದಾಗ ಜ್ವಾಲೆ ಹಳದಿಗೆ ತಿರುಗಿ ಪಾತ್ರೆಯ ತಳ ಕಪ್ಪಾಗುತ್ತದೆ. ಆರಿದ ಮೇಲೆ ಬರ್ನರ್ ತಲೆ ಎತ್ತಿ, ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಕೂರಿಸಿದರೆ ಮುಗಿಯಿತು. ಆದರೆ ಅನೇಕರು ಅವಸರಕ್ಕೆ ಜೆಟ್ಟಿನ ತೂತಿಗೆ ಪಿನ್ನು ಹಾಕಿ ತಿರುಗಿಸುತ್ತಾರೆ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ತೂತು ಒಂದಿಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚು ಬರುತ್ತದೆ, ಗಾಳಿ ಮಾತ್ರ ಅಷ್ಟೇ ಇರುತ್ತದೆ. ಆಮೇಲೆ ಎಷ್ಟು ತೊಳೆದರೂ ಹಳದಿ ಹೋಗುವುದಿಲ್ಲ, ಸಿಲಿಂಡರ್ ಬೇಗ ಮುಗಿಯುತ್ತದೆ. ಜೆಟ್ ಕಟ್ಟಿದ್ದರೆ ಬದಲಿಸುವುದೇ ಅಗ್ಗ.

ವಾರಕ್ಕೊಮ್ಮೆ ಹೋಸ್ ಮತ್ತು ರೆಗ್ಯುಲೇಟರ್ ಕೂಡುವಲ್ಲಿ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲಕ್ಕಿಳಿದು ತೆರೆದ ಮೋರಿಗೆ ಹರಿಯುತ್ತದೆ. ಸಿಲಿಂಡರನ್ನು ಮೋರಿಯ ಪಕ್ಕ ಇಡಬಾರದು ಎನ್ನುವುದು ಅದಕ್ಕೇ.

ಹುಡ್‌ನಲ್ಲಿ ಕಣ್ಣಿಗೆ ಬೀಳುವುದು ಮಡಿಕೆ ಮಡಿಕೆಯಾಗಿರುವ ಬ್ಯಾಫಲ್ ಫಿಲ್ಟರ್. ಹೊಗೆ ಈ ಮಡಿಕೆಗಳಲ್ಲಿ ತಿರುಗುವಾಗ ಎಣ್ಣೆಯ ಹನಿ ತಗಡಿಗೆ ಬಡಿದು, ಕೆಳಗಿನ ತಟ್ಟೆಗೆ ಇಳಿಯುತ್ತದೆ. ಬೋಂಡ, ಪೂರಿ ಬೆಳಗಿನಿಂದ ಕರಿಯುವಲ್ಲಿ ಇದನ್ನು ದಿನವೂ ಬಿಸಿನೀರಿನಲ್ಲಿ ನೆನೆಸಿ ತೊಳೆಯಬೇಕು. ಸ್ಟೀಲಿನದಾದರೆ ಕಾಸ್ಟಿಕ್ ಸೋಡಾ ಬೆರೆತ ದ್ರಾವಣ ನಡೆಯುತ್ತದೆ, ಕೈಗವಸು ಕನ್ನಡಕ ಹಾಕಿಕೊಂಡು. ಅಲ್ಯುಮಿನಿಯಂ ಫಿಲ್ಟರನ್ನು ಕಾಸ್ಟಿಕ್ ತಿಂದುಹಾಕುತ್ತದೆ. ಮತ್ತೆ ಕೂರಿಸುವಾಗ ಮಡಿಕೆಗಳು ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡ ಕೂರಿಸಿದರೆ ಎಣ್ಣೆ ಅಲ್ಲೇ ನಿಂತು, ಕೆಳಗಿನ ಉರಿಗೆ ತೊಟ್ಟಿಕ್ಕುತ್ತದೆ.

ಫಿಲ್ಟರ್ ಫಳಫಳ ಹೊಳೆದರೂ ಅದರ ಹಿಂದಿನ ಡಕ್ಟ್ ಯಾರಿಗೂ ಕಾಣುವುದಿಲ್ಲ. ಬಾಣಲೆಯ ಎಣ್ಣೆಗೆ ಬೆಂಕಿ ತಗುಲಿದರೆ ಅದು ಏರುವುದು ಈ ಜಿಡ್ಡು ಮೆತ್ತಿದ ಕೊಳವೆಯಲ್ಲೇ. ಅಮೆರಿಕದ ಎನ್‌ಎಫ್‌ಪಿಎ 96 ಎಂಬ ನಿಯಮಾವಳಿ, ಹೆಚ್ಚು ಕೆಲಸವಿರುವ ಅಡುಗೆಮನೆಯ ಡಕ್ಟನ್ನು 3 ತಿಂಗಳಿಗೊಮ್ಮೆ, ಸಾಧಾರಣ ಕೆಲಸದ್ದನ್ನು 6 ತಿಂಗಳಿಗೊಮ್ಮೆ, ಕಟ್ಟಿಗೆ ಇದ್ದಿಲು ಉರಿಸುವುದನ್ನು ಪ್ರತಿ ತಿಂಗಳು ತಪಾಸಣೆ ಮಾಡಿ ಎನ್ನುತ್ತದೆ. ಮುಂಜಾನೆಯಿಂದ ರಾತ್ರಿಯವರೆಗೆ ಕರಿಯುವ ನಮ್ಮ ದರ್ಶಿನಿಗಳನ್ನು ನಾನಂತೂ 3 ತಿಂಗಳ ಗುಂಪಿಗೇ ಸೇರಿಸುತ್ತೇನೆ.

ಹುಡ್ ಎಳೆಯುತ್ತಿದೆಯೇ ಎಂದು ತಿಳಿಯಲು ಒಂದು ಟಿಶ್ಯೂ ಹಾಳೆ ಸಾಕು. ಫಿಲ್ಟರಿಗೆ ಹಿಡಿದು ಕೈಬಿಟ್ಟರೆ ಅಂಟಿಕೊಂಡು ನಿಲ್ಲಬೇಕು. ಫಿಲ್ಟರ್ ತೊಳೆದಾಗಿದೆ, ಬೆಲ್ಟ್ ಬಿಗಿಯಿದೆ, ಮೋಟಾರು ಓಡುತ್ತಿದೆ, ಆದರೂ ಹಾಳೆ ಬೀಳುತ್ತದೆ ಎಂದರೆ ಬ್ಲೋಯರ್ ತಿರುಗುವ ದಿಕ್ಕು ನೋಡಿ. ತ್ರೀ ಫೇಸ್ ಮೋಟಾರಿನ ಎರಡು ವೈರು ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಬಸವನಹುಳುವಿನ ಚಿಪ್ಪಿನಾಕಾರದ ಬ್ಲೋಯರ್ ಉಲ್ಟಾ ತಿರುಗಿದರೂ ಗಾಳಿಯನ್ನು ಅದೇ ಕಡೆಗೆ ತಳ್ಳುತ್ತದೆ, ಬಹಳ ಕಡಿಮೆ ತಳ್ಳುತ್ತದೆ ಅಷ್ಟೆ. ಹೀಗಾಗಿ ಸದ್ದು ಕೇಳಿದವರಿಗೆ ಎಲ್ಲವೂ ಸರಿಯಿದೆ ಅನ್ನಿಸುತ್ತದೆ. ವೈರಿಂಗ್ ಮುಟ್ಟಿದ ದಿನ ತಪ್ಪದೆ ಹಾಳೆ ಹಿಡಿದು ನೋಡಬೇಕು.

ಹುಡ್ ಸೋತರೆ ಫ್ರಿಜ್ ಅದರ ಫಲ ಉಣ್ಣುತ್ತದೆ. ಕಾಯಿಲ್‌ಗೆ ತಿಂಗಳಿಗೊಮ್ಮೆ, ಒಲೆಯ ಹತ್ತಿರವಿದ್ದರೆ 15 ದಿನಕ್ಕೊಮ್ಮೆ ಕೈಹಾಕಬೇಕು. ಪ್ಲಗ್ ಕಿತ್ತು, ಮೆತ್ತಗಿನ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೆ ಎಳೆಯಬೇಕು. ಅಡ್ಡ ಎಳೆದರೆ ಅವು ಬಗ್ಗಿ ಗಾಳಿಯ ದಾರಿ ಮುಚ್ಚುತ್ತವೆ. ಕಾಯಿಲ್ ಕಟ್ಟುತ್ತಿರುವುದನ್ನು ಮೊದಲೇ ಹೇಳುವ ಉಪಾಯವೂ ಇದೆ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರಿಟ್ಟು ಅದರಲ್ಲಿ ಥರ್ಮಾಮೀಟರ್ ಇಡಿ. ಬಾಗಿಲು ತೆಗೆದ ಕೂಡಲೇ ಗಾಳಿಯ ತಾಪ ಏರಿಳಿಯುತ್ತದೆ, ನೀರಿನದು ಹಾಗಲ್ಲ. ಬೆಳಿಗ್ಗೆ ಮೊದಲ ಸಲ ತೆರೆದಾಗ ಅದು 5 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿರಬಾರದು. ರಾತ್ರಿಯಿಡೀ ಬಾಗಿಲು ಮುಚ್ಚಿದ್ದೂ ಈ ವಾರ 3, ಬರುವ ವಾರ 4, ಆಮೇಲೆ 5 ಎಂದು ಏರುತ್ತಿದ್ದರೆ ಮೊದಲು ಕಾಯಿಲ್ ನೋಡಿ, ಆಮೇಲೆ ಬಾಗಿಲಿನ ರಬ್ಬರು. ಬಾಗಿಲಿಗೆ ಸಿಕ್ಕಿಸಿದ ಕಾಗದ ಎಳೆದಾಗ ಸಲೀಸಾಗಿ ಬಂದರೆ ರಬ್ಬರು ಸೋತಿದೆ. ಎರಡೂ ಸರಿಯಿದ್ದರೆ ಮಾತ್ರ ಗ್ಯಾಸಿನ ಮಾತು. ಬಂದ ಕೂಡಲೇ ಗ್ಯಾಸ್ ತುಂಬಲು ಹೊರಡುವ ಮೆಕ್ಯಾನಿಕ್‌ಗೆ ಈ ಬರೆದಿಟ್ಟ ಅಂಕಿ ತೋರಿಸಿ.

ಕೊನೆಗೆ ಗ್ರೀಸ್ ಟ್ರ್ಯಾಪ್. ಸಿಂಕಿನ ನೀರು ಇದರಲ್ಲಿ ನಿಧಾನಿಸಿದಾಗ ಎಣ್ಣೆ ಮೇಲೆ ತೇಲುತ್ತದೆ, ಅನ್ನ ಬೇಳೆ ತಳಕ್ಕೆ ಕೂರುತ್ತವೆ, ನಡುವಿನ ನೀರು ಹೊರಹೋಗುತ್ತದೆ. ಮೇಲಿನ ಪದರ ಮತ್ತು ತಳದ ಕೆಸರು ಸೇರಿ ಆಳದ ಕಾಲುಭಾಗ ಆಗುವ ಮೊದಲೇ ಖಾಲಿ ಮಾಡಬೇಕೆಂಬುದು ಎಲ್ಲೆಡೆ ಬಳಸುವ ಲೆಕ್ಕ. ನಿಮ್ಮ ಟ್ರ್ಯಾಪಿನಲ್ಲಿ ನೀರಿನ ಆಳ 40 ಸೆಂಟಿಮೀಟರ್ ಅಂದುಕೊಳ್ಳಿ, ಕಾಲುಭಾಗವೆಂದರೆ 10. ಸೋಮವಾರ ಬೆಳಿಗ್ಗೆ ಖಾಲಿ ಮಾಡಿ, ಗುರುವಾರ ಬೆಳಿಗ್ಗೆ ತುದಿ ಬಗ್ಗಿಸಿದ ಸರಳನ್ನು ಇಳಿಸಿ, ತಿರುಗಿಸಿ, ಮೆಲ್ಲಗೆ ಎತ್ತಿ. ಕೊಕ್ಕೆ ಜಿಡ್ಡಿನ ಅಡಿಗೆ ತಾಗಿದ್ದು ಕೈಗೆ ತಿಳಿಯುತ್ತದೆ. ಮೇಲೆ 2, ತಳದಲ್ಲಿ ಅರ್ಧ, ಒಟ್ಟು ಎರಡೂವರೆ ಸೆಂಟಿಮೀಟರ್ ಸಿಕ್ಕರೆ 12 ದಿನ ಬಾಳುತ್ತದೆ ಅನ್ನಿಸುತ್ತದೆ. ಭಾನುವಾರ ಬೆಳಿಗ್ಗೆ ಅಳೆದರೆ 6 ಆಗಿದೆ. ವಾರದ ಕೊನೆಯ ಜನಜಂಗುಳಿ ಸೇರಿಸಿದರೆ ದಿನಕ್ಕೊಂದು ಸೆಂಟಿಮೀಟರ್, ಅಂದರೆ 10 ದಿನಕ್ಕೇ ಗಡಿ. ಇಂಥ ಅಡುಗೆಮನೆಗೆ ವಾರಕ್ಕೊಮ್ಮೆ ಎಂಬ ಸರದಿ ಸರಿ.

ಟ್ರ್ಯಾಪ್ ಕಟ್ಟಿದಾಗ ಕುದಿನೀರು ಸುರಿದು ಬಿಡಿಸುವುದು ಬೇಡ. ಜಿಡ್ಡು ಕರಗಿ ಮುಂದೆ ಹೋಗುತ್ತದೆ, ಪೈಪು ತಣ್ಣಗಿರುವಲ್ಲಿ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿ ನಿಮ್ಮ ಕೈ ಎಟುಕದು. ನೆಲದಡಿಯ ದೊಡ್ಡ ಗುಂಡಿಯಾದರೆ ಯಾರನ್ನೂ ಇಳಿಸಬೇಡಿ. ಕೊಳೆತ ಕೆಸರು ಕಲಕಿದಾಗ ಏಳುವ ಹೈಡ್ರೋಜನ್ ಸಲ್ಫೈಡ್ ನಿಮಿಷಗಳಲ್ಲಿ ಕೊಲ್ಲಬಲ್ಲದು. ಹೀರುವ ಟ್ಯಾಂಕರ್ ಕರೆಸಿ. ಖಾಲಿಯಾದ ಮೇಲೆ ಒಳ್ಳೆಯ ನೀರು ತುಂಬಿಸಿಯೇ ಮುಚ್ಚಳ ಹಾಕಬೇಕು, ಏಕೆಂದರೆ ನೀರು ತುಂಬುವವರೆಗೆ ಎಣ್ಣೆ ಬೇರ್ಪಡುವುದೇ ಇಲ್ಲ. ಇನ್ನು ಸಂಜೆಗೆ ಹೊಸದಾಗಿ ಬಜ್ಜಿ ಶುರುಮಾಡಿದರೆ ಹಳೆಯ ಸರದಿಯನ್ನು ನಂಬಬೇಡಿ, ಸರಳು ತೆಗೆದುಕೊಂಡು ಮತ್ತೊಂದು ವಾರ ಅಳೆಯಿರಿ.